ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ: ನೆನಪಿಡಲು ನಾನು ಪರೀಕ್ಷಿಸಿದ ಮೂರು ದಾರಿಗಳು

ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಅವನು ಬಂದನು, ಅವಳು ಬಂದಳು. ಉಳಿದ ವಸ್ತುಗಳೆಲ್ಲ ‘ಅದು’. ಗುಣವಾಚಕವಂತೂ ಅಲುಗಾಡುವುದೇ ಇಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಚಾಕು. ಹೀಗೆ ಬೆಳೆದ ಕಿವಿಗೆ ಜರ್ಮನ್ ಭಾಷೆಯ ಊಟದ ಮೇಜು ಒಂದು ಒಗಟು. ಅಲ್ಲಿ ಚಮಚ ‘ಡೆರ್ ಲೋಫೆಲ್’, ಪುಲ್ಲಿಂಗ. ಫೋರ್ಕ್ ‘ಡೀ ಗಾಬೆಲ್’, ಸ್ತ್ರೀಲಿಂಗ. ಚಾಕು ‘ಡಾಸ್ ಮೆಸರ್’, ನಪುಂಸಕ. ಅರ್ಥದಲ್ಲಿ ಇದಕ್ಕೆ ಕಾರಣ ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಮೊದಲು ಹಿಡಿದದ್ದು ಬಣ್ಣದ ದಾರಿ. ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಕೆಂಪು, ನಪುಂಸಕಕ್ಕೆ ಹಸಿರು ಶಾಯಿ. ಪುಸ್ತಕ ನೋಡಲು ಚೆಂದವಾಯಿತು. ಆದರೆ ಬಾಯಿ ತೆರೆದಾಗ ಮೊದಲು ಪುಟ, ಆಮೇಲೆ ಬಣ್ಣ, ಕೊನೆಗೆ ಲಿಂಗ ನೆನಪಾಗಬೇಕು. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಬರೆಯುವಾಗ ಉಪಯೋಗಕ್ಕೆ ಬಂತು, ಮಾತಿಗೆ ಬರಲಿಲ್ಲ.

ಎರಡನೆಯದು ಪ್ರತ್ಯಯದ ದಾರಿ. ಇದಕ್ಕೆ ಬಣ್ಣಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ. ‘ಉಂಗ್’, ‘ಹೈಟ್’, ‘ಕೈಟ್’, ‘ಶಾಫ್ಟ್’ ಪ್ರತ್ಯಯ ಸೇರಿ ಆದ ಪದಗಳು ಸ್ತ್ರೀಲಿಂಗ: ಪತ್ರಿಕೆ ‘ಡೀ ತ್ಸೈಟುಂಗ್’, ಸ್ವಾತಂತ್ರ್ಯ ‘ಡೀ ಫ್ರೈಹೈಟ್’. ಕಿರಿದನ್ನು ಸೂಚಿಸುವ ‘ಶೆನ್’ ಬಂದರೆ ನಪುಂಸಕ. ಹುಡುಗಿ ಎಂಬ ‘ಮೇಡ್‌ಶೆನ್’ ಪದ ‘ಡಾಸ್’ ಹೊತ್ತು ನಡೆಯುವುದು ಈ ಬಾಲದಿಂದಾಗಿಯೇ. ಸಮಾಸವಾದರೆ ಕೊನೆಯ ಪದದ ಲಿಂಗವೇ ಇಡೀ ಪದದ್ದು. ಆದರೆ ಬಾಲದಂತೆ ಕಂಡದ್ದೆಲ್ಲ ಬಾಲವಲ್ಲ: ಜಿಗಿತ ಎಂಬರ್ಥದ ‘ಶ್ಪ್ರುಂಗ್’ ಪುಲ್ಲಿಂಗ, ಅಲ್ಲಿ ‘ಉಂಗ್’ ಪದದ ಮೈಯಲ್ಲೇ ಸೇರಿದೆ. ದೊಡ್ಡ ತೊಂದರೆ ಬೇರೆ. ದಿನಬಳಕೆಯ ಮೇಜು, ಬಾಗಿಲು, ಚಮಚದಂಥ ಚಿಕ್ಕ ಪದಗಳ ಮೇಲೆ ಈ ನಿಯಮಗಳಿಗೆ ಹಿಡಿತ ಕಡಿಮೆ.

ಮೂರನೆಯದನ್ನು ಒಂದು ತಪ್ಪು ಕಲಿಸಿತು. ಎಷ್ಟೋ ದಿನ ನಾನು ‘ಡೆರ್ ಗಾಬೆಲ್’ ಎನ್ನುತ್ತಿದ್ದೆ. ಎಲ್ಲಿಂದ ಬಂತೆಂದು ಹುಡುಕಿದಾಗ ಸಿಕ್ಕಿದ್ದು ‘ಮಿಟ್ ಡೆರ್ ಗಾಬೆಲ್’, ಅಂದರೆ ಫೋರ್ಕಿನಿಂದ. ‘ಮಿಟ್’ ನಂತರ ವಿಭಕ್ತಿ ಬದಲಾಗಿ ಸ್ತ್ರೀಲಿಂಗದ ‘ಡೀ’ಯೇ ‘ಡೆರ್’ ಆಗುತ್ತದೆ. ಕಿವಿ ಸರಿಯಾಗಿಯೇ ಕೇಳಿತ್ತು, ನಾನು ತಪ್ಪು ಖಾನೆಗೆ ಹಾಕಿದ್ದೆ. ‘ಒಂದು’ ಎಂಬ ಪದದೊಡನೆ ಕಲಿಯೋಣವೆಂದರೆ ಕರ್ತೃವಿನ ರೂಪದಲ್ಲಿ ‘ಐನ್ ಲೋಫೆಲ್’, ‘ಐನ್ ಮೆಸರ್’ ಎರಡೂ ಒಂದೇ. ಪುಲ್ಲಿಂಗ, ನಪುಂಸಕಗಳ ಗುರುತೇ ಸಿಗುವುದಿಲ್ಲ.

ಕರ್ಮದ ರೂಪಕ್ಕೆ ಬಂದಾಗ ಮಾತ್ರ ಮೂರೂ ಬೇರೆಯಾಗುತ್ತವೆ. ‘ಇಶ್ ಬ್ರೌಖೆ’, ನನಗೆ ಬೇಕು, ಎಂದು ಶುರುಮಾಡಿ: ‘ಐನೆನ್ ಲೋಫೆಲ್’, ‘ಐನೆ ಗಾಬೆಲ್’, ‘ಐನ್ ಮೆಸರ್’. ಈಗ ಹೊಸ ಪದವನ್ನು ನಾನು ಒಂಟಿಯಾಗಿ ಬರೆದುಕೊಳ್ಳುವುದಿಲ್ಲ. ಈ ವಾಕ್ಯದೊಳಗಿಟ್ಟು ಗಟ್ಟಿಯಾಗಿ ಹೇಳುತ್ತೇನೆ, ಮರುದಿನ ಕನ್ನಡದ ಅರ್ಥವನ್ನಷ್ಟೇ ನೋಡಿ ಇಡೀ ವಾಕ್ಯವನ್ನು ಹೇಳಿ ನೋಡುತ್ತೇನೆ. ಪದ ಸರಿಯಿದ್ದು ‘ಐನೆನ್’ ತಪ್ಪಿದರೂ ಅದು ತಪ್ಪೇ; ಚೀಟಿ ಮತ್ತೆ ಕಟ್ಟಿನ ಮೇಲಕ್ಕೆ ಬರುತ್ತದೆ. ಎಣಿಸಲಾಗದ ವಸ್ತುಗಳಿಗೆ ‘ಒಂದು’ ಹೊಂದುವುದಿಲ್ಲವಾದ್ದರಿಂದ ಗುಣವಾಚಕ ಸೇರಿಸುತ್ತೇನೆ: ತಣ್ಣನೆಯ ನೀರು ‘ಕಾಲ್ಟೆಸ್ ವಾಸರ್’, ತಣ್ಣನೆಯ ಹಾಲು ‘ಕಾಲ್ಟೆ ಮಿಲ್ಶ್’. ಹೀಗೆ ಕಲಿತರೆ ಪದವೊಂದಕ್ಕೆ ಸಮಯ ಹೆಚ್ಚು ಬೇಕು, ದಿನಕ್ಕೆ ಹತ್ತು ಪದ ದಾಟಿದರೆ ನನಗೆ ಬೇಸರ ಬರುತ್ತದೆ. ಆದರೂ ಮಾತಿನಲ್ಲಿ ನಿಂತದ್ದು ಇದೇ. ಪ್ರತ್ಯಯದ ದಾರಿಯನ್ನು ಜೊತೆಗಿಟ್ಟುಕೊಂಡಿದ್ದೇನೆ. ಬಣ್ಣದ ಪೆನ್ನುಗಳು ಡ್ರಾಯರಿನಲ್ಲಿವೆ.

ಮೂರರಲ್ಲಿ ಯಾವುದೂ ಪೂರ್ತಿ ಗೆಲ್ಲದ ಒಂದು ಜಾಗವಿದೆ. ಕೀಲಿಕೈ ‘ಡೆರ್ ಶ್ಲ್ಯುಸೆಲ್’ ಎಂದು ಸರಿಯಾಗಿ ಹೇಳಿದ ಮರುಕ್ಷಣವೇ, ಅದು ಎಲ್ಲಿದೆ ಎಂದು ಕೇಳಿದರೆ ನನ್ನ ಬಾಯಿ ‘ಎಸ್’ ಎನ್ನುತ್ತದೆ, ಅಂದರೆ ‘ಅದು’. ಹೇಳಬೇಕಾದದ್ದು ‘ಎರ್’: ಅವನು ಮೇಜಿನ ಮೇಲಿದ್ದಾನೆ ಎಂಬಂತೆ. ಇದು ಕನ್ನಡದ ‘ಅದು’ ಎಳೆಯುವ ಎಳೆತ. ಹಾಗಾಗಿ ಚೀಟಿಯ ಹಿಂದೆ ಎರಡನೆಯ ವಾಕ್ಯವೊಂದನ್ನು ಸೇರಿಸಿದ್ದೇನೆ: ‘ವೋ ಇಸ್ಟ್ ಎರ್?’ ಎಲ್ಲಿದ್ದಾನೆ ಅವನು? ಫೋರ್ಕಿಗೆ ‘ಜೀ’, ಚಾಕುವಿಗೆ ‘ಎಸ್’. ಚಮಚವನ್ನು ‘ಅವನು’ ಎನ್ನುವಾಗ ಈಗಲೂ ನಗು ಬರುತ್ತದೆ.