ಸ್ಟೇಟ್ ಟೇಬಲ್ ಚೆಕ್ ಮಾಡ್ಲಿಕ್ಕ ಪೆನ್ಸಿಲ್ ಛಲೋನೋ, ಲಾಜಿಸಿಮ್ಮೋ, ಐಕಾರಸ್ಸೋ? ಮೂರೂ ಮಾಡಿ ನೋಡೀನಿ

ನಮ್ಮ ರೂಮಿನ ತಮ್ಮ ಚಿತ್ತಾಪುರದಂವ, ಈಗ ಮೂರನೇ ಸೆಮ್. ಹೋದ ವಾರ ಕಲಬುರಗಿ ಬಿಸಿಲಾಗ ಕಾಲೇಜಿಂದ ನಡಕೊಂಡು ಬಂದು ಅಸೈನ್‌ಮೆಂಟ್ ಕಾಟ್ ಮ್ಯಾಲ ಒಗದ. ‘ಅಣ್ಣಾ, ಲಾಜಿಸಿಮ್‌ದಾಗ ಬರೋಬ್ಬರಿ ಬರ್ಲಾಕತ್ತದ, ಆದ್ರೂ ಸರ್ ಟೇಬಲ್‌ಗೆ ಕೆಂಪು ಗೀಟು ಹೊಡದಾರ’ ಅಂದ. ನೋಡಿದ್ರ ಇಬ್ಬರದೂ ಖರೇನೇ, ಲಾಜಿಸಿಮ್ ಸುಳ್ಳು ಹೇಳಿಲ್ಲ, ಸರ್‌ದೂ ತಪ್ಪಿಲ್ಲ. ಅವತ್ತು ರಾತ್ರಿ ಖಾನಾವಳಿಯಿಂದ ಬಂದ ಮ್ಯಾಲ ಅದೇ ಒಂದು ಸಮಸ್ಯೆ ಮೂರು ಥರ ಚೆಕ್ ಮಾಡಿದ್ವಿ, ಯಾವುದು ಎಲ್ಲಿ ಹಿಡೀತದ ಎಲ್ಲಿ ಬಿಡ್ತದ ಅಂತ ಬರೀತೀನಿ.

ಸಮಸ್ಯೆ ಭಾಳ ಸಾದಾ: ಇನ್‌ಪುಟ್ x ದಾಗ 101 ಬಂದಾಗೆಲ್ಲ ಔಟ್‌ಪುಟ್ z = 1 ಕೊಡೋ ಮೀಲಿ ಡಿಟೆಕ್ಟರ್, ಓವರ್‌ಲ್ಯಾಪ್ ನಡೀತದ, ಡಿ ಫ್ಲಿಪ್‌ಫ್ಲಾಪ್ ಎರಡು. ಸ್ಟೇಟ್ A ಅಂದ್ರ ಏನೂ ಬಂದಿಲ್ಲ, B ಅಂದ್ರ 1 ಬಂದದ, C ಅಂದ್ರ 10 ಬಂದದ. A = 00, B = 01, C = 10, ಉಳಿದ 11 ಡೋಂಟ್ ಕೇರ್. ತಮ್ಮ ಏನ್ ಮಾಡಿದ್ದ ಅಂದ್ರ C ದಾಗ 1 ಬಂದಾಗ z = 1 ಕೊಟ್ಟು ಸೀದಾ A ಕ್ಕ ಕಳಿಸಿದ್ದ. B ಗೆ ಹೋಗ್ಬೇಕು, ಯಾಕಂದ್ರ ಆ ಕಡೀ 1 ನೇ ಮುಂದಿನ 101 ಕ್ಕ ಮೊದಲ್ನೇ 1 ಆಗ್ತದ.

ಈಗ ನೋಡ್ರಿ ಮಜಾ. ಆತ ಲಾಜಿಸಿಮ್‌ದಾಗ ಟೆಸ್ಟ್ ಮಾಡಿದ್ದು 101101 ಹಾಕಿ. ಸರಿ ಟೇಬಲ್‌ಗೂ ಅದಕ್ಕ 001001 ಬರ್ತದ, ತಪ್ಪು ಟೇಬಲ್‌ಗೂ 001001 ನೇ ಬರ್ತದ! 10101 ಹಾಕಿದ್ರ ಮಾತ್ರ ಸಿಕ್ಕಿಬೀಳ್ತದ, ಸರಿದಕ್ಕ 00101, ಆತಂದಕ್ಕ 00100. ಲಾಜಿಸಿಮ್ ಮಾಡೋದು ಇಷ್ಟೇ, ನೀವು ಕಟ್ಟಿದ ಸರ್ಕ್ಯೂಟ್ ನಡೆಸಿ ತೋರಿಸ್ತದ, ಆದ್ರ ಸರ್ಕ್ಯೂಟ್ ಕಟ್ಟಿದ್ದೇ ತಪ್ಪು ಟೇಬಲ್ ನೋಡಿ, ಮತ್ತ ಹೊಂದದೇ ಎಲ್ಲಿ ಹೋಗ್ತದ.

ಇದಕ್ಕ ಪೆನ್ಸಿಲ್ಲೇ ಛಲೋ, ಆದ್ರ ಒಂದು ಶರತ್ತು ಅದ, ಉತ್ತರ ಟೇಬಲ್ ನೋಡಿ ಬರೀಬಾರ್ದು. ಮೊದಲ ಬಿಟ್ ಸಾಲು ಬರೀರಿ, ಮೂರು ಬಿಟ್ ಅಷ್ಟೇ ಕಾಣೋ ಹಂಗ ಉಳಿದದ್ದು ಬೆರಳಲ್ಲಿ ಮುಚ್ಚಿ ಸರಿಸ್ತಾ ಹೋಗ್ರಿ, ಎಲ್ಲಿ 101 ಕಂಡ್ತದ ಅದರ ಕಡೀ ಬಿಟ್ ಕೆಳಗ 1 ಹಾಕ್ರಿ. ಆಮ್ಯಾಲ ಟೇಬಲ್ ಹಿಡಕೊಂಡು ಸ್ಟೇಟ್ ನಡೆಸ್ಕೊಂಡು ಹೋಗಿ ಎರಡೂ ಸಾಲು ಹೋಲಿಸ್ರಿ. ಬಿಟ್ ಸಾಲು ಹೆಂಗಿರ್ಬೇಕಂದ್ರ ಮೂರು ಸ್ಟೇಟ್‌ದಿಂದ್ಲೂ 0 ಒಮ್ಮೆ 1 ಒಮ್ಮೆ ಹೋಗಿರ್ಬೇಕು, ಅಂದ್ರ ಆರೂ ಬಾಣ ಮುಟ್ಟಿರ್ಬೇಕು, ಮತ್ತ ಪತ್ತೆ ಆದ ಮ್ಯಾಲೂ ಸಾಲು 01 ಅಂತ ಮುಂದ ಹೋಗಿರ್ಬೇಕು. 101101 ಇದರಾಗ A ಮ್ಯಾಲ 0 ಬರೋದೇ ಇಲ್ಲ, C ಮ್ಯಾಲ 0 ನೂ ಇಲ್ಲ.

ಟೇಬಲ್ ಸರಿ ಆದ್ರ ಸಮೀಕರಣ ಇಷ್ಟೇ ಬರ್ತಾವ:

```
assign D1 = Q0 & ~x;
assign D0 = x;
assign z  = Q1 & x;
```

ಇನ್ನ ಟೈಮಿಂಗ್ ಚಿತ್ರ. ಇಲ್ಲಿ ಲಾಜಿಸಿಮ್ ಅರ್ಧಕ್ಕ ಕೈ ಕೊಡ್ತದ. Ctrl+T ಒಮ್ಮೆ ಒತ್ತಿದ್ರ ಕ್ಲಾಕ್ ಅರ್ಧ ಸೈಕಲ್ಲೇ ತಿರುಗ್ತದ, ತಮ್ಮ ಅದನ್ನೇ ಪೂರ್ತಿ ಒಂದು ಕ್ಲಾಕ್ ಅಂತ ಎಣಿಸಿದ್ದ. ಅದಕ್ಕಿಂತ ದೊಡ್ಡ ತಪ್ಪು ಅಂದ್ರ ಕ್ಲಾಕ್ ಎಡ್ಜ್ ಆದ ಮ್ಯಾಲ z ಓದೋದು. ಮೀಲಿ ಔಟ್‌ಪುಟ್ ಈಗಿನ ಸ್ಟೇಟ್ ಮತ್ತ ಈಗಿನ x ನೋಡ್ತದ, ಎಡ್ಜ್ ಹೊಡದ ಕೂಡ್ಲೇ C ಹೋಗಿ B ಆಗ್ತದ, z ಬಿದ್ದುಬಿಡ್ತದ. ಅದಕ್ಕ ಎಡ್ಜ್‌ಗಿಂತ ಜರಾ ಮೊದಲೇ ಓದ್ಬೇಕು.

ಇದು ಐಕಾರಸ್ ವೆರಿಲಾಗ್‌ದಾಗ ಮಾಡಿ ಜಿಟಿಕೆವೇವ್‌ದಾಗ ತಗದ್ರ ಕಣ್ಣಿಗೇ ಕಂಡ್ತದ. ಏರೋ ಎಡ್ಜ್ 100, 200, 300, 400, 500 ns ಗೆ ಇಟ್ವಿ, x ನ ಇಳಿಯೋ ಎಡ್ಜ್‌ಗೆ ಬದಲಿಸಿದ್ವಿ, ಅಂದ್ರ 50 ಕ್ಕ 1, 150 ಕ್ಕ 0, 250 ಕ್ಕ 1, 350 ಕ್ಕ 0, 450 ಕ್ಕ 1. z ಎದ್ದದ್ದು 250 ರಿಂದ 300, ಮತ್ತ 450 ರಿಂದ 500, ಬರೇ ಅರ್ಧ ಸೈಕಲ್. ತಮ್ಮ ಹಾಳೆ ಮ್ಯಾಲ 300 ರಿಂದ 400 ತನಕ ಪೂರ್ತಿ ಪಟ್ಟಿ ಎಳೆದಿದ್ದ, ಅದು ಮೂರ್ ಮಷೀನ್‌ದ್ದು. x ನ ಯಾಕ ಇಳಿಯೋ ಎಡ್ಜ್‌ಗೆ ಬದಲಿಸ್ಬೇಕಂದ್ರ, ಏರೋ ಎಡ್ಜ್‌ಗೇ `x = 1` ಬರೆದ್ರ ಫ್ಲಿಪ್‌ಫ್ಲಾಪ್ ಹಳೇ x ತಗೋತದೋ ಹೊಸಾದೋ ಹೇಳಲಿಕ್ಕ ಬರಲ್ಲ, ಯಾವುದು ಮೊದಲು ನಡೀಬೇಕಂತ ವೆರಿಲಾಗ್‌ದಾಗ ನಿಯಮ ಇಲ್ಲ.

ಇನ್ನೊಂದು, ರಿಸೆಟ್ ಮರೆತ್ರ ಲಾಜಿಸಿಮ್ ಬಾಯಿ ಬಿಡಲ್ಲ, ಅದರಾಗ ಫ್ಲಿಪ್‌ಫ್ಲಾಪ್ 0 ದಿಂದಾನೇ ಶುರು ಆಗ್ತದ. ಐಕಾರಸ್‌ದಾಗ Q1, Q0 ಕೆಂಪಗ x, ಅಂದ್ರ ಬೆಲೆ ಗೊತ್ತಿಲ್ಲ, ಅಂತ ನಿಂದಿರ್ತಾವ. ಆದ್ರ ಈ ಸರ್ಕ್ಯೂಟ್‌ದಾಗ ಹೆಚ್ಚಂದ್ರ ಎರಡು ಕ್ಲಾಕ್ ಆದ ಮ್ಯಾಲ ತಾನೇ ಸರಿ ಆಗ್ತದ, D0 ಬರೇ ಇನ್‌ಪುಟ್ ಅಲಾ, ಮೊದಲ್ನೇ ಕ್ಲಾಕ್‌ಗೆ Q0 ಗೊತ್ತಾಗ್ತದ, ತಡಾ ಅಂದ್ರ ಎರಡ್ನೇದಕ್ಕ Q1. ಅದಕ್ಕ ವೇವ್‌ದ ಮೊದಲ್ನೇ ತುದಿ ಝೂಮ್ ಮಾಡಿ ನೋಡ್ಬೇಕು, ಇಲ್ಲಂದ್ರ ಕಣ್ಣು ತಪ್ಪಿಹೋಗ್ತದ.

ಹಂಗಾದ್ರ ಐಕಾರಸ್ ಗೆದ್ದಂಗೇನು? ಕಡೀ ಪ್ರಶ್ನೆದಾಗ ಅದೂ ಸೋಲ್ತು. ಕ್ಲಾಕ್‌ದಿಂದ Q ಗೆ 8 ns, ಒಂದೊಂದು ಗೇಟ್‌ಗೆ 5 ns, ಸೆಟಪ್ 4 ns, ಹೋಲ್ಡ್ 2 ns, ಎಷ್ಟು ಜೋರ್ ಕ್ಲಾಕ್ ಓಡಿಸ್ಬಹುದು ಅಂತ ಕೇಳ್ಯಾರ. ಫ್ಲಿಪ್‌ಫ್ಲಾಪ್‌ದಿಂದ ಫ್ಲಿಪ್‌ಫ್ಲಾಪ್‌ಗೆ ಇರೋ ದಾರಿ ಒಂದೇ, Q0 ದಿಂದ ಆಂಡ್ ಗೇಟ್ ದಾಟಿ D1. 8 + 5 + 4 = 17 ns, ಅಂದ್ರ ಸುಮಾರು 58.8 MHz. ನಾವು ಗೇಟ್‌ಗೆ `#5`, ಫ್ಲಿಪ್‌ಫ್ಲಾಪ್‌ಗೆ `#8` ಹಾಕಿ, x ನ ಎಡ್ಜ್ ಆದ 1 ns ಗೆ ಬದಲಿಸಿ, ಕ್ಲಾಕ್ 15 ns ಗೆ ಇಳಿಸಿ ಓಡಿಸಿದ್ವಿ, ಉತ್ತರ ಏನೂ ಕೆಡಲಿಲ್ಲ! ಯಾಕಂದ್ರ D1 13 ns ಗೇ ಬಂದು ಕುಂತಿರ್ತದ, ಎಡ್ಜ್ ಬರೋದು 15 ಕ್ಕ, ನಾವು ಬರೆದ ಫ್ಲಿಪ್‌ಫ್ಲಾಪ್‌ಗೆ ಸೆಟಪ್ ಅಂದ್ರೇನಂತ ಗೊತ್ತೇ ಇಲ್ಲ. ಸಿಮ್ಯುಲೇಶನ್ ನಂಬಿ ಬರೆದಿದ್ರ ಮಾರ್ಕ್ಸ್ ಹೋಗ್ತಿದ್ವು. ಲಾಜಿಸಿಮ್‌ದಾಗಂತೂ ಸೆಟಪ್ ಹೋಲ್ಡ್ ಮಾತೇ ಬರಲ್ಲ. ಹೋಲ್ಡ್ ಕೂಡ ಪೆನ್ಸಿಲ್ಲೇ, 8 + 5 = 13 ಅದು 2 ಕ್ಕಿಂತ ಜಾಸ್ತಿ, ಮುಗೀತು. ಅದರಾಗ ಕ್ಲಾಕ್ ಪಿರಿಯಡ್ ಬರೋದೇ ಇಲ್ಲ, ಹೋಲ್ಡ್ ಕೆಟ್ರ ಕ್ಲಾಕ್ ಎಷ್ಟ್ ನಿಧಾನ ಮಾಡಿದ್ರೂ ಸರಿ ಆಗಲ್ಲ.

ಬ್ರೆಡ್‌ಬೋರ್ಡ್ ಮ್ಯಾಲ 7474 ಹಾಕಿನೂ ನೋಡಿದ್ವಿ. ಪುಶ್ ಬಟನ್ನೇ ಕ್ಲಾಕ್ ಅಂತ ಕೊಟ್ರ ಒಂದ್ ಒತ್ತಿಗೆ ಎರಡ್ ಮೂರು ಎಡ್ಜ್ ಬರ್ತಾವ, ಸ್ಟೇಟ್ ಹಾರಿ ಹೋಗ್ತದ. ಡಿಬೌನ್ಸ್ ಇರೋ ಟ್ರೇನರ್ ಕಿಟ್ ಇಲ್ಲಂದ್ರ ಅದರ ಗೊಡವಿಗೆ ಹೋಗ್ಬ್ಯಾಡ್ರಿ.

ಆ ಕ್ಲಾಕ್ ಪ್ರಶ್ನೆಗೆ ತಮ್ಮ ಮೊದಲ ಬರೆದಿದ್ದ ಉತ್ತರ 22 ns, ಇನ್ವರ್ಟರ್‌ದ 5 ನೂ ಕೂಡಿಸಿದ್ದ. ಇನ್ವರ್ಟರ್ ಇರೋದು x ದಾರ್ಯಾಗ, Q0 ದಾರ್ಯಾಗ ಅಲ್ಲ. x ಹೊರಗಿಂದ ಬಂದ್ರ ಅದು ಎಡ್ಜ್‌ಗಿಂತ 5 + 5 + 4 = 14 ns ಮೊದಲೇ ಬಂದು ನಿಂತಿರ್ಬೇಕು, ಅಷ್ಟೇ. ಆದ್ರ x ನೂ ಅದೇ ಕ್ಲಾಕಿನ ಮತ್ತೊಂದು ಫ್ಲಿಪ್‌ಫ್ಲಾಪ್‌ದಿಂದ ಬಂದಿದ್ರ? ಆಗ 8 + 14 = 22, ಹುಡುಗಂದೇ ಸರಿ! ಪ್ರಶ್ನೆದಾಗ x ಎಲ್ಲಿಂದ ಬರ್ತದ ಅಂತ ಹೇಳೇ ಇಲ್ಲ, ಅದಕ್ಕ ಎರಡೂ ಬರೆದು, ಒಂದೊಂದರ ಮುಂದ x ಎಲ್ಲಿಂದ ಬಂದದ ಅಂತ ಒಂದು ಸಾಲು ಹಾಕಿ ಕೊಡು ಅಂದೆ. ಮರುದಿನ ಹಂಗೇ ಕೊಟ್ಟು ಬಂದ.