₹499ರ ಕೌಶಲ ಕೋಷ್ಟಕ: ಎರಡು ವರ್ಷ, ಎರಡು ನೇಮಕದ ನಂತರ

ಅಕೌಂಟೆಂಟ್ ಹುದ್ದೆಗೆ ಬಂದ ಅಭ್ಯರ್ಥಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆಯಲು ಈ ಸಿದ್ಧ ಎಕ್ಸೆಲ್ ಹಾಳೆಯನ್ನು ಎರಡು ವರ್ಷದ ಹಿಂದೆ ಕೊಂಡುಕೊಂಡೆ. ಎಡಗಡೆ ಹತ್ತು ಕೌಶಲಗಳು, ಮೇಲೆ ಅಭ್ಯರ್ಥಿಗಳ ಹೆಸರು, ಸೊನ್ನೆಯಿಂದ ಐದರವರೆಗೆ ಅಂಕ, ಕೆಳಗೆ ಒಟ್ಟು ಮೊತ್ತ. ಗೆದ್ದವರ ಹೆಸರಿನ ಕೆಳಗೆ ಹಸಿರು ಬಣ್ಣ ತಾನಾಗಿಯೇ ಮೂಡುತ್ತದೆ. ಆ ಹಸಿರು ಬಣ್ಣ ನನಗೆ ಎಷ್ಟು ದುಬಾರಿಯಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಪೀಣ್ಯದಲ್ಲಿರುವ ಸಣ್ಣ ಮಷೀನ್ ಶಾಪ್. ನಾನು ಮತ್ತು ನನ್ನ ಭಾವ ಪಾಲುದಾರರು, ಬ್ಯಾಂಕಿನ ವ್ಯವಹಾರ ನೋಡುವುದು ನನ್ನ ಹೆಂಡತಿ. ಲೆಕ್ಕ ಬರೆಯಲು ಇರುವುದು ಒಬ್ಬರೇ ಒಬ್ಬರು. ಅವರು ತಪ್ಪು ಮಾಡಿದರೆ ಹಿಡಿಯಲು ಅವರ ಮೇಲೆ ಇನ್ನೊಬ್ಬರಿಲ್ಲ. ಹಾಳೆಯನ್ನು ಕೊಂಡ ದಿನ ಈ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ.

ಹಾಳೆಯಲ್ಲಿದ್ದ ಹತ್ತು ಸಾಲುಗಳಲ್ಲಿ ಸಂವಹನ, ತಂಡದಲ್ಲಿ ಬೆರೆಯುವ ಗುಣ, ಎಕ್ಸೆಲ್, ಸಮಯಪಾಲನೆ, ಅನುಭವದ ವರ್ಷಗಳು ಎಲ್ಲವೂ ಇದ್ದವು. ಜಿಎಸ್‌ಟಿಗೆ ಒಂದೇ ಸಾಲು: ‘ತೆರಿಗೆ ಜ್ಞಾನ’. ಎಲ್ಲಕ್ಕೂ ಸಮಾನ ತೂಕ. ಮೊದಲ ಸಲ ಗೆದ್ದ ಯುವಕ ತೆರಿಗೆಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ನಿರರ್ಗಳವಾಗಿ ಉತ್ತರಿಸಿದ್ದ, ನಾವು ನಾಲ್ಕು ಅಂಕ ಕೊಟ್ಟಿದ್ದೆವು. ಸಂವಹನಕ್ಕೆ ಐದಕ್ಕೆ ಐದು. ‘ಲೆಕ್ಕ ಬಂದಿದೆಯಲ್ಲೋ, ಇನ್ನೇನು ಬೇಕು ನಿನಗೆ?’ ಎಂದು ಭಾವ ಹಸಿರು ಬಣ್ಣದ ಮೇಲೆ ಬೆರಳಿಟ್ಟು ಹೇಳಿದ್ದು ಇನ್ನೂ ನೆನಪಿದೆ.

ಹುಡುಗ ಕೆಟ್ಟವನಲ್ಲ. ಖರೀದಿ ಬಿಲ್ಲು ಕೈಗೆ ಬಂದ ಕೂಡಲೇ ಅದರ ಮೇಲಿನ ತೆರಿಗೆಯನ್ನು, ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯಲು, ಹೂಡುವಳಿ ತೆರಿಗೆ ಜಮೆ ಎಂದು ತೆಗೆದುಕೊಳ್ಳುತ್ತಿದ್ದ. ಬಿಲ್ಲು ಕೊಟ್ಟವರು ತಮ್ಮ ರಿಟರ್ನಿನಲ್ಲಿ ಅದನ್ನು ತೋರಿಸಿದ್ದಾರೆಯೇ, ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಅದು ಬಂದಿದೆಯೇ ಎಂದು ನೋಡುತ್ತಿರಲಿಲ್ಲ. ಪಟ್ಟಿಯಲ್ಲಿ ಬಾರದ ಬಿಲ್ಲಿನ ಜಮೆಯನ್ನು ತೆಗೆದುಕೊಳ್ಳುವಂತಿಲ್ಲ. ಹೀಗೆ ತೆಗೆದುಕೊಂಡು ಬಳಸಿಯೂ ಆಗಿದ್ದ ಜಮೆ 84,000 ರೂಪಾಯಿ. ನಾಲ್ಕು ತಿಂಗಳ ನಂತರ ಆಡಿಟರ್ ಕಣ್ಣಿಗೆ ಬಿತ್ತು. ಮರಳಿ ಕಟ್ಟಿದ್ದಲ್ಲದೆ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ 5,040 ರೂಪಾಯಿ ಬಡ್ಡಿ ತೆತ್ತೆವು. ಆರು ತಿಂಗಳಲ್ಲಿ ಅವನು ಬೇರೆ ಕಡೆ ಹೋದ.

ಸಿಟ್ಟಿನಲ್ಲಿ ಹಾಳೆಯ ತೂಕ ಬದಲಿಸಲು ಕುಳಿತೆ. ಆ ಕೋಶಗಳಿಗೆ ಬೀಗ. ತೂಕ ಬದಲಿಸಬೇಕೆಂದರೆ ಇನ್ನೂ ಸಾವಿರ ರೂಪಾಯಿ ಕೊಟ್ಟು ಮೇಲಿನ ಆವೃತ್ತಿ ಕೊಳ್ಳಬೇಕಂತೆ! ತೂಕ ಬದಲಿಸಲಾಗದ ತಕ್ಕಡಿಯನ್ನು ಮಾರಿದವರಿಗೆ ದೊಡ್ಡ ನಮಸ್ಕಾರ ಹೇಳಿ, ಅದರ ಚೌಕಟ್ಟನ್ನು ಮಾತ್ರ ಖಾಲಿ ಹಾಳೆಗೆ ಇಳಿಸಿಕೊಂಡೆ.

ಅಲ್ಲಿಂದ ಮುಂದೆ ನಡೆದದ್ದು ಬೇರೆಯೇ ಕಥೆ. ಸಾಲುಗಳನ್ನು ಎಲ್ಲಿಂದ ತರುವುದು ಎಂದು ಯೋಚಿಸುವಾಗ ಕಣ್ಣಿಗೆ ಬಿದ್ದದ್ದು ಕಚೇರಿಯ ಗೋಡೆಯ ಕ್ಯಾಲೆಂಡರ್. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಮಾರಾಟದ ರಿಟರ್ನ್, 14ಕ್ಕೆ 2ಬಿ ಪಟ್ಟಿ ಬರುತ್ತದೆ, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಈ ತಾರೀಖುಗಳಿಗೆ ಸುತ್ತು ಹಾಕಿ, ಪ್ರತಿಯೊಂದರ ಹಿಂದಿನ ದಿನಗಳಲ್ಲಿ ನಮ್ಮ ಅಕೌಂಟೆಂಟ್ ನಿಜವಾಗಿ ಕೈಯಿಂದ ಏನು ಮಾಡುತ್ತಾರೆ ಎಂದು ಪೆನ್ಸಿಲಿನಲ್ಲಿ ಬರೆದೆ. ತಂಡದಲ್ಲಿ ಬೆರೆಯುವ ಗುಣ ಯಾವ ತಾರೀಖಿನಲ್ಲೂ ಕಾಣಿಸಲಿಲ್ಲ. ಕೊನೆಗೆ ಉಳಿದದ್ದು ಆರೇ ಸಾಲು: ಖರೀದಿಯನ್ನು 2ಬಿಯೊಂದಿಗೆ ತಾಳೆ ನೋಡುವುದು, ಬ್ಯಾಂಕ್ ಲೆಕ್ಕ ತಾಳೆ ಹಾಕುವುದು, ಹೊರಗೆ ಕೆಲಸ ಮಾಡಿಸಲು ಕಳುಹಿಸಿದ ಸರಕಿನ ಜಾಬ್‌ವರ್ಕ್ ಚಲನ್‌ಗಳ ಬೆನ್ನು ಹತ್ತುವುದು, ಟಿಡಿಎಸ್ ಮತ್ತು ಸಂಬಳದ ಕಡಿತಗಳು, ಟ್ಯಾಲಿ ನಮೂದು ಮತ್ತು ಬಾಕಿ ವಸೂಲಿ ಪಟ್ಟಿ, ವರ್ಷದ ಕೊನೆಯಲ್ಲಿ ಆಡಿಟರ್‌ಗೆ ಕಾಗದ ಹೊಂದಿಸುವುದು.

ಕನ್ನಡಕ್ಕೂ ಒಂದು ಸಾಲು ಇಡೋಣ ಎಂದುಕೊಂಡಿದ್ದೆ, ಇಡಲಿಲ್ಲ. ಲಾರಿ ಚಾಲಕರ ಜೊತೆ ಮಾತಾಡುವುದು ಸೂಪರ್‌ವೈಸರ್, ಅಕೌಂಟೆಂಟ್ ಅಲ್ಲ. ಅಳೆಯಲು ಹೊರಟಿದ್ದು ನನಗೆ ಇಷ್ಟವಾಗುವ ಮನುಷ್ಯನನ್ನೋ ಕೆಲಸಕ್ಕೆ ಬೇಕಾದ ಮನುಷ್ಯನನ್ನೋ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು.

ತೂಕ ಹಾಕುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದರಲ್ಲಿ ತಪ್ಪಾದರೆ ನಮ್ಮಲ್ಲಿ ಯಾರು, ಎಷ್ಟು ದಿನದಲ್ಲಿ ಹಿಡಿಯುತ್ತಾರೆ? ಬ್ಯಾಂಕಿನ ತಪ್ಪನ್ನು ನನ್ನ ಹೆಂಡತಿ ಒಂದು ವಾರದಲ್ಲಿ ಹಿಡಿಯುತ್ತಾಳೆ. ಪ್ಲೇಟಿಂಗ್‌ಗೆ ಕಳುಹಿಸಿದ 500 ಬಿಡಿಭಾಗಗಳಲ್ಲಿ 488 ಮಾತ್ರ ಬಂದು ಚಲನ್ ಮುಚ್ಚದೇ ಉಳಿದರೆ ಸೂಪರ್‌ವೈಸರ್‌ನ ರಿಜಿಸ್ಟರ್ ಹೇಳುತ್ತದೆ. ಸರಕು ಮರಳಲು ಕಾನೂನು ಒಂದು ವರ್ಷ ಕೊಟ್ಟಿರುವುದರಿಂದ ಅಲ್ಲಿ ಉಸಿರಾಡಲು ಸಮಯವೂ ಇದೆ. 2ಬಿಯ ತಪ್ಪನ್ನು ಮಾತ್ರ ನಮ್ಮಲ್ಲಿ ಯಾರೂ ಹಿಡಿಯುವುದಿಲ್ಲ. ಅದಕ್ಕೆ 5, ಬ್ಯಾಂಕಿಗೂ ಜಾಬ್‌ವರ್ಕಿಗೂ ತಲಾ 4, ಟಿಡಿಎಸ್ ಮತ್ತು ಟ್ಯಾಲಿಗೆ ತಲಾ 3, ಆಡಿಟ್ ಕಾಗದಕ್ಕೆ 1. ಒಟ್ಟು 20.

ಅಂಕವನ್ನೂ ಐದರಿಂದ ಮೂರಕ್ಕೆ ಇಳಿಸಿದೆ. ಮಾಡಿಯೇ ಇಲ್ಲದಿದ್ದರೆ 0, ಪಕ್ಕದಲ್ಲಿ ಒಬ್ಬರಿದ್ದರೆ ಮಾಡಬಲ್ಲವರಿಗೆ 1, ಒಬ್ಬರೇ ಮಾಡಿ ಮುಗಿಸುವವರಿಗೆ 2, ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹಿಡಿಯುವವರಿಗೆ 3. ‘ಉತ್ತಮ’, ‘ಅತ್ಯುತ್ತಮ’ ಎಂಬ ಪದಗಳಿದ್ದಾಗ ಭಾವನ ನಾಲ್ಕಕ್ಕೂ ನನ್ನ ನಾಲ್ಕಕ್ಕೂ ಅಜಗಜಾಂತರವಿತ್ತು. ಈಗ ಜಗಳ ಕಡಿಮೆ.

ಮಾತು ಕೇಳಿ ಅಂಕ ಕೊಡುವ ಚಾಳಿಗೂ ಕೊನೆ ಹಾಡಿದೆವು. ಈಗ ಅಭ್ಯರ್ಥಿಯ ಮುಂದಿಡುವುದು ಹಳೆಯ ತಿಂಗಳೊಂದರ ಹನ್ನೆರಡು ಖರೀದಿ ಬಿಲ್ಲು, ನಮ್ಮ ಖರೀದಿ ಪುಸ್ತಕದ ಪುಟ, 2ಬಿಯ ಮುದ್ರಿತ ಪ್ರತಿ, ನಲವತ್ತು ನಿಮಿಷ. ಒಳಗೆ ಐದು ತೊಡಕುಗಳನ್ನು ಬಚ್ಚಿಟ್ಟಿದ್ದೆ. ಒಬ್ಬ ಸರಬರಾಜುದಾರ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವನಾದ್ದರಿಂದ ಅವನ ಬಿಲ್ಲು ಪಟ್ಟಿಯಲ್ಲಿಲ್ಲ. ಒಂದು ಬಿಲ್ಲು ಪಟ್ಟಿಯಲ್ಲಿದೆ, ಸರಕು ಮಾತ್ರ ಮುಂದಿನ ತಿಂಗಳು ಬಂದಿದೆ. ಒಂದನ್ನು ಎರಡು ಸಲ ನಮೂದಿಸಲಾಗಿದೆ. ಒಂದರ ಬಿಲ್ ಸಂಖ್ಯೆ ಪುಸ್ತಕದಲ್ಲಿ ಬೇರೆ ರೀತಿ ಬರೆದಿದೆ. ಇನ್ನೊಂದು ಆಯುಧ ಪೂಜೆಯ ಊಟದ ಕೇಟರಿಂಗ್ ಬಿಲ್ಲು. ಅದು 2ಬಿಯಲ್ಲಿ ಅಚ್ಚುಕಟ್ಟಾಗಿ ಬಂದಿದ್ದರೂ ನಮ್ಮಂಥವರಿಗೆ ಅದರ ಜಮೆ ಸಿಗುವುದಿಲ್ಲ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಹಕ್ಕಿದೆ ಎಂದು ನಂಬುವವರು ಇಲ್ಲಿ ಬೀಳುತ್ತಾರೆ.

ನನಗೆ ನಿಜವಾಗಿ ಹಿಡಿಸಿದ್ದು ಶನಿವಾರ ಸಂಜೆಯ ಅಂಕದ ಕೂಟ. ಯಂತ್ರಗಳು ನಿಂತ ಮೇಲೆ ನಾನು, ಭಾವ, ಹೆಂಡತಿ ಮೂವರೂ ಬೇರೆ ಬೇರೆ ಮೇಜಿನಲ್ಲಿ ಕೂರುತ್ತೇವೆ. ಡಬ್ಬದಲ್ಲಿ ಕೋಡುಬಳೆ, ಲೋಟದಲ್ಲಿ ಕಾಫಿ. ಒಬ್ಬ ಅಭ್ಯರ್ಥಿಯನ್ನು ಪೂರ್ತಿ ಮುಗಿಸಿ ಇನ್ನೊಬ್ಬರಿಗೆ ಹೋಗುವುದಿಲ್ಲ. ಒಂದು ಸಾಲು ಹಿಡಿದು ಎಲ್ಲರಿಗೂ ಅದರಲ್ಲಿ ಅಂಕ ಕೊಟ್ಟು, ಕಾಗದವನ್ನು ಆ ಸಾಲಿನ ಕೆಳಗೆ ಮಡಿಸಿ ಮುಂದೆ ಹೋಗುತ್ತೇವೆ. ಹಾಗೆ ಮಾಡಿದರೆ ಚೆನ್ನಾಗಿ ಮಾತಾಡಿದವರ ಹೊಳಪು ಮುಂದಿನ ಸಾಲಿಗೆ ಸೋರುವುದಿಲ್ಲ. ಪ್ರತಿ ಅಂಕದ ಪಕ್ಕದಲ್ಲಿ ಕಂಡದ್ದನ್ನು ಒಂದು ವಾಕ್ಯದಲ್ಲಿ ಬರೆಯಲೇಬೇಕು. ಕಾಗದ ಬಿಚ್ಚಿದಾಗ ಒಂದೇ ಕೋಶದಲ್ಲಿ ಎರಡು ಅಂಕದ ಅಂತರ ಬಂದರೆ ಸರಾಸರಿ ತೆಗೆಯುವುದಿಲ್ಲ, ಆ ವಾಕ್ಯಗಳನ್ನು ಓದುತ್ತೇವೆ.

ಎರಡನೆಯ ನೇಮಕಕ್ಕೆ ಮೂವರು ಉಳಿದರು. ಮೊದಲನೆಯವರು ದೊಡ್ಡ ಕಂಪನಿಯಲ್ಲಿ ಎಂಟು ವರ್ಷ ಇದ್ದವರು. ಸಾಲಿನ ಕ್ರಮದಲ್ಲಿ ಅವರ ಅಂಕ 1, 3, 2, 3, 3, 3. ಎರಡನೆಯವರು ಆಡಿಟರ್ ಕಚೇರಿಯಲ್ಲಿ ಮೂರು ವರ್ಷ ದುಡಿದ ಹೆಣ್ಣುಮಗಳು: 3, 2, 1, 3, 2, 3. ಮೂರನೆಯವರಿಗೆ 2, 2, 2, 1, 3, 1. ತೂಕದಿಂದ ಗುಣಿಸಿದರೆ ಕ್ರಮವಾಗಿ 46, 45, 39. ಇಪ್ಪತ್ತರಿಂದ ಭಾಗಿಸಿದರೆ 2.30, 2.25, 1.95.

ನೋಡಿ, ಮತ್ತೆ ಅದೇ ಬಲೆ! ಬೀಗವಿಲ್ಲದ ನನ್ನ ಸ್ವಂತ ಹಾಳೆಯೂ ಎಂಟು ವರ್ಷದವರ ಕೆಳಗೆ ಹಸಿರು ಬಳಿಯಿತು. ಅವರ ಕಂಪನಿಯಲ್ಲಿ 2ಬಿ ಕೆಲಸ ಇನ್ನೊಂದು ವಿಭಾಗದ್ದು, ಐದು ತೊಡಕುಗಳಲ್ಲಿ ಅವರು ಹಿಡಿದದ್ದು ಎರಡು. ಉಳಿದ ಐದು ಸಾಲುಗಳು ಆ ಒಂದು ಕೊರತೆಯನ್ನು ಮುಚ್ಚಿಬಿಟ್ಟಿದ್ದವು. ಜೊತೆಗೆ 46ಕ್ಕೂ 45ಕ್ಕೂ ಅಂತರವೆಂದರೆ ಏನೂ ಅಲ್ಲ. ಬ್ಯಾಂಕಿನ ಸಾಲಿನಲ್ಲಿ ಒಂದೇ ಅಂಕ ಹೆಚ್ಚು ಕಡಿಮೆಯಾಗಿದ್ದರೂ ಒಟ್ಟು ನಾಲ್ಕು ಏರುಪೇರಾಗುತ್ತಿತ್ತು.

ತೂಕ ಹೆಚ್ಚಿಸಿದರೆ ಈ ಸಲದ ಕ್ರಮ ಬದಲಾದೀತು, ಕೊರತೆ ಮುಚ್ಚಿಹೋಗುವುದು ನಿಲ್ಲದು. ಅದಕ್ಕೆ ಕನಿಷ್ಠ ಮಟ್ಟ ಬೇಕು. ಎರಡನೇ ಅಡ್ಡಸಾಲಿನಲ್ಲಿ 2ಬಿ ಅಂಕ, ಬಿ ಕಂಬದಲ್ಲಿ ತೂಕ ಇದ್ದರೆ ಮೊದಲ ಅಭ್ಯರ್ಥಿಯ ಕೆಳಗೆ ಇಷ್ಟು ಸಾಕು:

```
=IF(C2<2,"ಇಲ್ಲ",SUMPRODUCT($B$2:$B$7,C2:C7)/SUM($B$2:$B$7))
```

ಎಲ್ಲ ಸಾಲಿಗೂ ಹೀಗೆ ಕನಿಷ್ಠ ಮಟ್ಟ ಹಾಕಲು ಹೋಗಬೇಡಿ, ನಾನು ಹಾಕಿ ನೋಡಿದೆ, ಮೂವರೂ ಬಿದ್ದುಹೋದರು. ನಮ್ಮಲ್ಲಿ ಯಾರೂ ಕಲಿಸಲಾಗದ, ಯಾರೂ ತಪ್ಪು ಹಿಡಿಯಲಾಗದ ಕೆಲಸಕ್ಕೆ ಮಾತ್ರ ಅದು ಸಲ್ಲುತ್ತದೆ. ಎರಡನೆಯವರಿಗೆ ಜಾಬ್‌ವರ್ಕ್‌ನಲ್ಲಿ ಒಂದೇ ಅಂಕ ಬಂದಿತ್ತು. ಅದನ್ನು ಕಲಿಸಲು ಸೂಪರ್‌ವೈಸರ್ ಇದ್ದಾನೆ, ಮೂರು ವಾರ ಸಾಕಾಯಿತು.

ಅವರಿಗೆ 2ಬಿಯಲ್ಲಿ ಮೂರು ಅಂಕ ಹೇಗೆ ಬಂತು ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಐದು ತೊಡಕುಗಳನ್ನೂ ಗುರುತಿಸಿ, ‘ಸರ್, ಆರನೆಯದೂ ಒಂದಿದೆ’ ಎಂದರು. ನಾನು ಇಟ್ಟದ್ದು ಐದೇ. ಹೊಸೂರಿನ ಸರಬರಾಜುದಾರನ ಬಿಲ್ಲನ್ನು ನಮ್ಮ ಪುಸ್ತಕದಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಒಡೆದು ಬರೆದಿತ್ತು. ಹೊಸೂರು ತಮಿಳುನಾಡಿನಲ್ಲಿದೆ, ಬೇರೆ ರಾಜ್ಯದ ಖರೀದಿಯಾದ್ದರಿಂದ 2ಬಿಯಲ್ಲಿ ಅದು ಐಜಿಎಸ್‌ಟಿ. ಮೊತ್ತ ಒಂದೇ ಆದ್ದರಿಂದ ಕಣ್ಣು ತಪ್ಪಿಸಿಕೊಂಡಿತ್ತು. ಪರೀಕ್ಷೆಯ ಕಾಗದದಲ್ಲಿ ನಮ್ಮದೇ ಅಸಲಿ ತಪ್ಪು!

ಹಾಳೆಗೆ ಆಗದ ಕೆಲಸವೂ ಇದೆ. ‘ತನ್ನ ತಪ್ಪನ್ನು ತಾನೇ ಬಂದು ಹೇಳುವ ಗುಣ’ ಎಂದು ಏಳನೆಯ ಸಾಲು ಸೇರಿಸಿದ್ದೆ. ಪಕ್ಕದಲ್ಲಿ ಬರೆಯಲು ಮೂವರಿಗೂ ಒಂದೇ ಒಂದು ವಾಕ್ಯ ಸಿಗಲಿಲ್ಲ, ಅಳಿಸಿದೆ. ಎಷ್ಟು ವರ್ಷ ನಮ್ಮಲ್ಲಿ ಉಳಿಯುತ್ತಾರೆ ಎಂಬುದಕ್ಕೂ ಸಾಲಿಲ್ಲ.

ಕೊಂಡ ಹಾಳೆಗೆ ಐದರಲ್ಲಿ ಎರಡು ನಕ್ಷತ್ರ, ಅದೂ ಪಕ್ಕಪಕ್ಕದಲ್ಲಿಟ್ಟು ನೋಡುವ ಚೌಕಟ್ಟನ್ನು ಕಲಿಸಿದ್ದಕ್ಕೆ. ನಿಮ್ಮಲ್ಲಿ ಗೋಡೆ ಕ್ಯಾಲೆಂಡರ್ ಇದ್ದರೆ ₹499 ಉಳಿಸಿಕೊಳ್ಳಿ. ಹೋದ ತಿಂಗಳು ಸಂಬಳ ಪರಿಷ್ಕರಣೆಗೆ ಅದೇ ಆರು ಸಾಲುಗಳನ್ನು ಆ ಹೆಣ್ಣುಮಗಳ ಮುಂದಿಟ್ಟೆ. ಜಾಬ್‌ವರ್ಕ್ ಸಾಲಿನಲ್ಲಿ ನಾನು ಬರೆದಿದ್ದ 3ನ್ನು ಹೊಡೆದು 2 ಎಂದು ಬರೆದು, ಮುಚ್ಚದೇ ಉಳಿದ ನಾಲ್ಕು ಚಲನ್‌ಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟರು.