ನೆಲ್ಡರ್–ಮೀಡ್, ಪವೆಲ್, BFGS: ಒರಟು ಫಂಕ್ಷನ್‌ಗೆ ನಾನು ಉಳಿಸಿಕೊಂಡದ್ದು

ಮೂರರಿಂದ ಆರು ಪ್ಯಾರಾಮೀಟರುಗಳಿದ್ದು, ಪ್ರತಿ ಬೆಲೆಗೂ ಒಂದು ಸಿಮ್ಯುಲೇಷನ್ ಓಡಿಸಬೇಕಾದ ಲೆಕ್ಕಗಳಿಗೆ ಫಂಕ್ಷನ್ನಿನ ಕನಿಷ್ಠ ಬೆಲೆ ಹುಡುಕಲು ನಾನು ಈಗ ನೆಲ್ಡರ್–ಮೀಡ್ ವಿಧಾನವನ್ನೇ ಬಳಸುತ್ತಿದ್ದೇನೆ. ಪವೆಲ್ ಮತ್ತು BFGS ವಿಧಾನಗಳನ್ನು ಅದೇ ಸಮಸ್ಯೆಯ ಮೇಲೆ ಓಡಿಸಿ ನೋಡಿದ ಮೇಲೆಯೂ ಈ ಆಯ್ಕೆ ಬದಲಾಗಲಿಲ್ಲ. ಆದರೆ ಅದರಲ್ಲಿ ಒಂದು ತೊಡಕಿದೆ, ಈ ಬರಹದ ಬಹುಭಾಗ ಅದರ ಬಗ್ಗೆಯೇ ಇದೆ.

ಸಮಸ್ಯೆ ಇದು. ಸ್ಪ್ರಿಂಗಿಗೆ ಕಟ್ಟಿದ 1 ಕಿಲೋಗ್ರಾಂ ತೂಕ ಸುಮಾರು 1 ಸೆಂಟಿಮೀಟರ್ ಆಚೀಚೆ ಆಡುತ್ತಾ ನಿಧಾನವಾಗಿ ನಿಲ್ಲುತ್ತದೆ. ಅಳೆದ ಚಲನೆಗೆ ಹೊಂದುವಂತೆ ಮೂರು ಸಂಖ್ಯೆಗಳನ್ನು ಕಂಡುಹಿಡಿಯಬೇಕು: ಸ್ಪ್ರಿಂಗಿನ ಬಿಗಿತ, ತಡೆಯ ಗುಣಾಂಕ, ಮತ್ತು ಅಳತೆ ಎಷ್ಟು ತಡವಾಗಿ ಶುರುವಾಯಿತು ಎಂಬ ಸಮಯದ ವ್ಯತ್ಯಾಸ. ಆರಂಭದ ಊಹೆ 40, 0.5 ಮತ್ತು 0. ಅಳತೆಗೂ ಸಿಮ್ಯುಲೇಷನ್ನಿಗೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತವೇ ನಾವು ಕಡಿಮೆ ಮಾಡಬೇಕಾದ ಫಂಕ್ಷನ್. ಸಿಮ್ಯುಲೇಷನ್ ತನ್ನ ಉತ್ತರವನ್ನು ಸೆಂಟಿಮೀಟರಿನಲ್ಲಿ, ಎರಡು ದಶಮಾಂಶಕ್ಕೆ ಸರಿದೂಗಿಸಿ ಕಡತಕ್ಕೆ ಬರೆಯುತ್ತದೆ. ಹೀಗಾಗಿ ಫಂಕ್ಷನ್ ದೂರದಿಂದ ನುಣುಪಾದ ಇಳಿಜಾರಿನಂತೆ ಕಂಡರೂ ಹತ್ತಿರ ಹೋದರೆ ಸಣ್ಣ ಸಣ್ಣ ಮೆಟ್ಟಿಲುಗಳ ಸಾಲು.

ಈ ಮೆಟ್ಟಿಲುಗಳ ಮೇಲೆ, ಡೆರಿವೇಟಿವ್ ಆಧರಿಸಿ ಇಳಿಯುವ `BFGS` ಹೆಜ್ಜೆಯನ್ನೇ ಇಡಲಿಲ್ಲ. ಡೆರಿವೇಟಿವ್ ಕೊಡದಿದ್ದರೆ ಪೈಥಾನ್‌ನ ಸೈಪೈ ಲೈಬ್ರರಿ ಪ್ರತಿ ಪ್ಯಾರಾಮೀಟರನ್ನೂ ಸುಮಾರು 0.000000015ರಷ್ಟು ಅಲುಗಿಸಿ, ಬೆಲೆ ಎಷ್ಟು ಬದಲಾಯಿತೆಂದು ನೋಡಿ ಇಳಿಜಾರನ್ನು ಅಂದಾಜಿಸುತ್ತದೆ. ಅಷ್ಟು ಸಣ್ಣ ಅಲುಗಾಟಕ್ಕೆ ಎರಡನೆಯ ದಶಮಾಂಶ ಬದಲಾಗದು. ಇಳಿಜಾರು ಶೂನ್ಯವೆಂದು ಬಂದು, ಒಂದೂ ಸುತ್ತು ತಿರುಗದೆ `Optimization terminated successfully.` ಎಂಬ ಸಂದೇಶ ಕಾಣಿಸಿತು. ಅಲುಗಾಟವನ್ನು ದೊಡ್ಡದು ಮಾಡಬಹುದು, ಆದರೆ 40ಕ್ಕೂ 0.5ಕ್ಕೂ ಒಂದೇ ಅಳತೆ ಒಗ್ಗುವುದಿಲ್ಲ. ಫಂಕ್ಷನ್ ನುಣುಪಾಗಿದ್ದು ಡೆರಿವೇಟಿವ್ ಕೈಯಲ್ಲಿದ್ದರೆ ಈ ವಿಧಾನವನ್ನು ಬಿಟ್ಟು ಬೇರೆ ಯೋಚಿಸುವ ಅಗತ್ಯವೇ ಇಲ್ಲ ಎಂಬುದೂ ಅಷ್ಟೇ ನಿಜ.

1964ರ ಪವೆಲ್ ವಿಧಾನಕ್ಕೆ ಡೆರಿವೇಟಿವ್ ಬೇಡ, ಅದು ಸರಿಯಾದ ಉತ್ತರದ ಹತ್ತಿರಕ್ಕೂ ಬಂತು. ಆದರೆ ಒಂದೊಂದು ದಿಕ್ಕಿನಲ್ಲೂ ಸಾಲು ಹಿಡಿದು ತಳ ಹುಡುಕುವುದರಿಂದ ಅದು ಸಿಮ್ಯುಲೇಷನ್ನುಗಳನ್ನು ಧಾರಾಳವಾಗಿ ಖರ್ಚು ಮಾಡುತ್ತದೆ.

ನೆಲ್ಡರ್ ಮತ್ತು ಮೀಡ್ 1965ರಲ್ಲಿ ಪ್ರಕಟಿಸಿದ ವಿಧಾನ ಇಳಿಜಾರನ್ನು ಅಳೆಯುವುದೇ ಇಲ್ಲ. ಯಾವ ಬಿಂದು ಮೇಲು, ಯಾವುದು ಕೀಳು ಎಂಬ ಹೋಲಿಕೆಯಷ್ಟೇ ಅದಕ್ಕೆ ಸಾಕು. ಎರಡು ಚರಗಳಿದ್ದರೆ ಮೂರು ಬಿಂದುಗಳು, ಅಂದರೆ ಒಂದು ತ್ರಿಕೋನ; ಚರಗಳ ಸಂಖ್ಯೆಗಿಂತ ಒಂದು ಹೆಚ್ಚು ಬಿಂದುಗಳಿರುವ ಇಂಥ ಆಕೃತಿಗೆ ಸಿಂಪ್ಲೆಕ್ಸ್ ಎಂದು ಹೆಸರು. (x−3)² + 2(y−2)² ಎಂಬ ಫಂಕ್ಷನ್ನಿಗೆ (0,0), (1,0), (0,1) ಬಿಂದುಗಳಿಂದ ಹೊರಟರೆ ಬೆಲೆಗಳು ಕ್ರಮವಾಗಿ 17, 12, 11. ಅತಿ ಕೆಟ್ಟದ್ದು (0,0). ಉಳಿದೆರಡರ ನಡುಬಿಂದು (0.5, 0.5), ಅದರಾಚೆಗೆ ಕೆಟ್ಟ ಬಿಂದುವನ್ನು ಪ್ರತಿಫಲಿಸಿದರೆ (1,1), ಬೆಲೆ 6. ಇದು ಈವರೆಗಿನ ಅತ್ಯುತ್ತಮ ಬೆಲೆಗಿಂತಲೂ ಕಡಿಮೆಯಾದ್ದರಿಂದ ಅದೇ ದಿಕ್ಕಿನಲ್ಲಿ ಎರಡರಷ್ಟು ದೂರ ವಿಸ್ತರಿಸಿ (1.5, 1.5) ನೋಡಿದರೆ 2.75, ಅದನ್ನೇ ಉಳಿಸಿಕೊಳ್ಳುತ್ತೇವೆ. ಮುಂದಿನ ಸುತ್ತಿನಲ್ಲಿ ಕೆಟ್ಟದ್ದು (1,0). ಅದರ ಪ್ರತಿಫಲನ (0.5, 2.5), ಬೆಲೆ 6.75. ಇದು ಅತ್ಯುತ್ತಮವಲ್ಲ, ಎರಡನೆಯ ಕೆಟ್ಟ ಬಿಂದುವಿಗಿಂತ ಮೇಲು. ಹಾಗಾಗಿ ವಿಸ್ತರಣೆ ಇಲ್ಲದೆ ಸ್ವೀಕಾರ. ಪ್ರತಿಫಲನ ಅಷ್ಟೂ ಫಲ ಕೊಡದಿದ್ದರೆ ನಡುಬಿಂದುವಿನತ್ತ ಅರ್ಧ ದೂರಕ್ಕೆ ಸಂಕೋಚನ. ಅದೂ ಸೋತರೆ ಇಡೀ ತ್ರಿಕೋನ ಅತ್ಯುತ್ತಮ ಬಿಂದುವಿನತ್ತ ಅರ್ಧಕ್ಕೆ ಕುಗ್ಗುತ್ತದೆ. ಈ ಕುಗ್ಗುವಿಕೆ ಅಪರೂಪ, ಹೀಗಾಗಿ ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದೋ ಎರಡೋ ಸಿಮ್ಯುಲೇಷನ್ ಸಾಕು.

ಇನ್ನು ತೊಡಕಿನ ಮಾತು. ಮೊದಲ ಸಿಂಪ್ಲೆಕ್ಸನ್ನು ನಾವೇ ಕೊಡದಿದ್ದರೆ ಸೈಪೈ ಅದನ್ನು ಆರಂಭದ ಊಹೆಯಿಂದ ಕಟ್ಟುತ್ತದೆ: ಪ್ರತಿ ಪ್ಯಾರಾಮೀಟರನ್ನೂ ಅದರ ಬೆಲೆಯ 5 ಶೇಕಡಾದಷ್ಟು ಸರಿಸುತ್ತದೆ, ಬೆಲೆ ಸೊನ್ನೆಯಾಗಿದ್ದರೆ 0.00025ರಷ್ಟು ಸರಿಸುತ್ತದೆ. ನಮ್ಮ ಸಮಸ್ಯೆಯಲ್ಲಿ ಇದರ ಅರ್ಥ ಬಿಗಿತದಲ್ಲಿ 2, ತಡೆಯಲ್ಲಿ 0.025, ಸಮಯದಲ್ಲಿ 0.00025 ಸೆಕೆಂಡ್. ತೂಕದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 6.3 ಸೆಂಟಿಮೀಟರ್, ಅಷ್ಟು ಸಮಯದಲ್ಲಿ ಅದು ಸರಿಯುವುದು ಹೆಚ್ಚೆಂದರೆ 0.0016 ಸೆಂಟಿಮೀಟರ್. ಎರಡು ದಶಮಾಂಶಕ್ಕೆ ಸರಿದೂಗಿಸಿದ ಕಡತದಲ್ಲಿ ಬಹುಪಾಲು ಅಂಕಿಗಳು ಇದರಿಂದ ಕದಲುವುದೇ ಇಲ್ಲ. ಅಂದರೆ ಸಮಯದ ದಿಕ್ಕಿನಲ್ಲಿ ಸಿಂಪ್ಲೆಕ್ಸ್ ಕುರುಡಾಗಿರುತ್ತದೆ.

ಇದರ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಕೆಟ್ಟದ್ದು. ಪ್ರತಿಫಲನ, ವಿಸ್ತರಣೆ, ಸಂಕೋಚನ ಎಲ್ಲವೂ ಇರುವ ಬಿಂದುಗಳನ್ನೇ ಕೂಡಿಸಿ ಕಳೆದು ಹೊಸ ಬಿಂದುವನ್ನು ಮಾಡುತ್ತವೆ. ಹೀಗಾಗಿ ಒಂದು ದಿಕ್ಕಿನಲ್ಲಿ ಚಪ್ಪಟೆಯಾದ ಸಿಂಪ್ಲೆಕ್ಸ್ ಸುಲಭವಾಗಿ ಆ ದಿಕ್ಕಿಗೆ ಬೆಳೆಯಲಾರದು. ನಿಜವಾದ ವ್ಯತ್ಯಾಸ 0.1 ಸೆಕೆಂಡಿನ ಆಸುಪಾಸಿನಲ್ಲಿತ್ತು, 0.00025ರಿಂದ ಅಲ್ಲಿಗೆ ಮುಟ್ಟಲು ಅಗಲ ಎಂಟೊಂಬತ್ತು ಬಾರಿ ದುಪ್ಪಟ್ಟಾಗಬೇಕು, ಅದೂ ಬೆಲೆ ಇಳಿಯುತ್ತಿದೆಯೆಂಬ ಸುಳಿವು ಸಿಗದೆಯೇ. ನನಗೆ ಸಿಕ್ಕ ಉತ್ತರದಲ್ಲಿ ಸಮಯ ಸೊನ್ನೆಯ ಬಳಿಯೇ ಕುಳಿತಿತ್ತು, ಆ ಕೊರತೆಯನ್ನು ತುಂಬಲು ಬಿಗಿತ ಅಡ್ಡದಾರಿ ಹಿಡಿದಿತ್ತು, ಸಂದೇಶ ಮಾತ್ರ ಯಶಸ್ಸಿನದು. ಉಳಿಕೆಗಳ ನಕ್ಷೆ ಬರೆದಾಗ ಗುಟ್ಟು ರಟ್ಟಾಯಿತು: ಆರಂಭದಲ್ಲಿ ಸಿಮ್ಯುಲೇಷನ್ ಅಳತೆಗಿಂತ ಒಂದು ಕಡೆಗೆ, ಕೊನೆಯಲ್ಲಿ ಇನ್ನೊಂದು ಕಡೆಗೆ ಜಾರಿತ್ತು.

ಪರಿಹಾರ ಸುಲಭ. ಪ್ರತಿ ಪ್ಯಾರಾಮೀಟರೂ ಫಂಕ್ಷನ್ನಿನಲ್ಲಿ ಎದ್ದು ಕಾಣುವಷ್ಟು ಬದಲಾವಣೆ ತರುವ ಹೆಜ್ಜೆಯನ್ನು ನಾವೇ ಆರಿಸಿ ಕೊಡಬೇಕು.

```python
x0 = np.array([40.0, 0.5, 0.0])
step = np.array([4.0, 0.2, 0.1])
S = np.vstack([x0, x0 + np.diag(step)])
r = minimize(f, x0, method="Nelder-Mead",
             options={"initial_simplex": S,
                      "xatol": 1e-3, "fatol": 1e-3})
```

`xatol` ಮತ್ತು `fatol` ಎರಡೂ ಒಟ್ಟಿಗೆ ಈಡೇರಿದಾಗಲೇ ಓಟ ನಿಲ್ಲುತ್ತದೆ, ಮತ್ತು ಎರಡೂ ಶೇಕಡಾವಾರಲ್ಲದ ನೇರ ಅಳತೆಗಳು; ಪ್ಯಾರಾಮೀಟರೊಂದು ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಚಿಕ್ಕದಾಗಿದ್ದರೆ ಅದನ್ನು ಮೊದಲು ಬೇರೆ ಮಾನಕ್ಕೆ ತರುವುದು ಒಳ್ಳೆಯದು. ಓಟ ಮುಗಿದ ಮೇಲೆ ಸಿಕ್ಕ ಬಿಂದುವಿನಿಂದ ಹೊಸ, ಅಗಲವಾದ ಸಿಂಪ್ಲೆಕ್ಸ್ ಕಟ್ಟಿ ಮತ್ತೊಮ್ಮೆ ಓಡಿಸುವುದನ್ನು ನಾನು ಬಿಡುವುದಿಲ್ಲ. ಬೆಲೆ ಗಣನೀಯವಾಗಿ ಇಳಿದರೆ ಮೊದಲ ಉತ್ತರ ತಳವಾಗಿರಲಿಲ್ಲ ಎಂದರ್ಥ. ಇದು ಅತಿ ಎಚ್ಚರಿಕೆಯೇನಲ್ಲ: ನುಣುಪಾದ, ಎರಡೇ ಚರಗಳಿರುವ ಬಟ್ಟಲಿನಾಕಾರದ ಫಂಕ್ಷನ್ನಿನ ಮೇಲೂ ಈ ವಿಧಾನ ಸಂಕೋಚನವನ್ನೇ ಮತ್ತೆ ಮತ್ತೆ ಮಾಡುತ್ತಾ ತಳವಲ್ಲದ ಬಿಂದುವಿನಲ್ಲಿ ಹೂತುಹೋಗಬಲ್ಲದೆಂದು ಮೆಕಿನ್ನನ್ 1998ರಲ್ಲಿ ಉದಾಹರಣೆ ಸಹಿತ ತೋರಿಸಿದ್ದಾರೆ.

ಚಪ್ಪಟೆಯಾಗುವ ಕಾಟವೇ ಬೇಡವೆನ್ನುವವರಿಗೆ ಸ್ಪೆಂಡ್ಲಿ, ಹೆಕ್ಸ್ಟ್ ಮತ್ತು ಹಿಮ್ಸ್‌ವರ್ತ್ ಅವರ 1962ರ ಮೂಲ ವಿಧಾನವಿದೆ. ಅದರಲ್ಲಿ ಸಿಂಪ್ಲೆಕ್ಸಿನ ಆಕಾರ ಎಂದೂ ಕೆಡುವುದಿಲ್ಲ, ಗಾತ್ರ ಮಾತ್ರ ಕುಗ್ಗುತ್ತದೆ. ಆದರೆ ಉದ್ದನೆಯ ಕಿರಿದಾದ ಕಣಿವೆಯಲ್ಲಿ ಅದು ಕಣಿವೆಯ ಅಗಲಕ್ಕೆ ತಕ್ಕ ಸಣ್ಣ ಹೆಜ್ಜೆಗಳಲ್ಲೇ ತೆವಳಬೇಕು. ನೆಲ್ಡರ್–ಮೀಡ್ ಕಣಿವೆಯ ಉದ್ದಕ್ಕೆ ಮೈಚಾಚಿಕೊಂಡು ಸಾಗುತ್ತದೆ. ಮೈಚಾಚುವ ಈ ಗುಣವೇ ಚಪ್ಪಟೆಯಾಗುವ ರೋಗಕ್ಕೂ ಕಾರಣ, ಎರಡನ್ನೂ ಬೇರ್ಪಡಿಸಲಾಗದು. ಸಿಮ್ಯುಲೇಷನ್ನುಗಳನ್ನು ಎಣಿಸಿ ಖರ್ಚು ಮಾಡುವ ನನಗೆ ನೆಲ್ಡರ್–ಮೀಡ್ ವಿಧಾನವೇ ಲಾಭ.

ಪ್ಯಾರಾಮೀಟರುಗಳು ಹತ್ತನ್ನು ದಾಟಿದರೆ ನಾನು `adaptive=True` ಹಾಕಿ ಒಮ್ಮೆ ನೋಡುತ್ತೇನೆ. ಅದು ಗಾವೊ ಮತ್ತು ಹಾನ್ ಸೂಚಿಸಿದಂತೆ, ಚರಗಳ ಸಂಖ್ಯೆ ಹೆಚ್ಚಿದಷ್ಟೂ ವಿಸ್ತರಣೆ, ಸಂಕೋಚನ, ಕುಗ್ಗುವಿಕೆಗಳನ್ನು ಸೌಮ್ಯಗೊಳಿಸುತ್ತದೆ. ಅದರಲ್ಲೂ ಎರಡನೆಯ ಓಟ ಮೊದಲನೆಯದಕ್ಕಿಂತ ಬೇರೆ ಉತ್ತರ ಕೊಟ್ಟರೆ ನೆಲ್ಡರ್–ಮೀಡನ್ನು ಅಲ್ಲಿಗೇ ಕೈಬಿಟ್ಟು, ಸಿಮ್ಯುಲೇಷನ್ನಿನ ಉತ್ತರವನ್ನು ಸರಿದೂಗಿಸದೆ ಪಡೆಯುವ ದಾರಿ ಇದೆಯೇ ಎಂದು ಹುಡುಕಿ `BFGS`ನತ್ತ ತಿರುಗುತ್ತೇನೆ.